ಸಾವಿರಕ್ಕೆ 402: ವಿಜಯಾ ಬ್ಯಾಂಕ್ ಷೇರುದಾರರು ಕಳೆದುಕೊಂಡದ್ದು ಎಷ್ಟು?

ವಿಜಯಾ ಬ್ಯಾಂಕ್ ಹೆಸರು ಬಂದಾಗಲೆಲ್ಲ ನಮ್ಮ ಕರಾವಳಿಯವರ ಮಾತಿನಲ್ಲಿ ಒಂದು ದೂರು ಈಗಲೂ ಕೇಳಿಬರುತ್ತದೆ: “ಸಾವಿರ ಷೇರು ಕೊಟ್ಟರೆ ಬರೋಡಾದ್ದು ಬರೀ 402 ಸಿಕ್ಕಿತು, ಅರ್ಧಕ್ಕಿಂತ ಹೆಚ್ಚು ಹೋಯಿತು.” 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿ, ಅದರ ಹೆಸರೇ ಅಳಿಸಿಹೋದ ನೋವು ನನಗೂ ಇದೆ. ಆದರೆ ಈ ಲೆಕ್ಕ ತಪ್ಪು, ಮತ್ತು ಅದು ತಪ್ಪಾಗಿರುವುದರಿಂದಲೇ ನಿಜವಾಗಿ ಆಕ್ಷೇಪಿಸಬೇಕಾದ ಸಂಗತಿ ಮರೆಯಾಗಿದೆ ಎಂಬುದು ನನ್ನ ಅಭಿಪ್ರಾಯ.

ಷೇರು ವಿನಿಮಯ ಅನುಪಾತವನ್ನು, ಅಂದರೆ ಹಳೆಯ ಷೇರಿಗೆ ಪ್ರತಿಯಾಗಿ ಎಷ್ಟು ಹೊಸ ಷೇರು ಎಂಬ ಲೆಕ್ಕವನ್ನು, ಎರಡೂ ಷೇರುಗಳ ಬೆಲೆಯ ಪಕ್ಕದಲ್ಲಿಟ್ಟು ಓದಬೇಕು. ಅನುಪಾತ ಪ್ರಕಟವಾದ 2019ರ ಜನವರಿ 2ರಂದು ಬ್ಯಾಂಕ್ ಆಫ್ ಬರೋಡಾ ಷೇರು ಸುಮಾರು 119 ರೂಪಾಯಿಗೂ ವಿಜಯಾ ಬ್ಯಾಂಕ್ ಷೇರು ಸುಮಾರು 51 ರೂಪಾಯಿಗೂ ವಹಿವಾಟು ಮುಗಿಸಿದ್ದವು. 119ನ್ನು 0.402ರಿಂದ ಗುಣಿಸಿದರೆ 48 ರೂಪಾಯಿಯ ಆಸುಪಾಸು ಬರುತ್ತದೆ. ಅಂದರೆ ಅಂದಿನ ಬೆಲೆಯಲ್ಲಿ ವಿಜಯಾ ಷೇರುದಾರರಿಗೆ ಆದ ಕೊರತೆ ಷೇರಿಗೆ ಸುಮಾರು ಮೂರು ರೂಪಾಯಿ, ಶೇಕಡ 6ರಷ್ಟು. ಜೊತೆಯಲ್ಲೇ ವಿಲೀನವಾದ ದೇನಾ ಬ್ಯಾಂಕಿನವರಿಗೆ ಸಾವಿರಕ್ಕೆ ಸಿಕ್ಕಿದ್ದು 110. ಸುಮಾರು 18 ರೂಪಾಯಿಯ ಷೇರಿಗೆ 13 ರೂಪಾಯಿಯ ಮೌಲ್ಯ. ನಿಜವಾದ ಪೆಟ್ಟು ಬಿದ್ದದ್ದು ಅವರಿಗೆ. ಹತ್ತು ರೂಪಾಯಿ ಮುಖಬೆಲೆಯ ಷೇರಿಗೆ ಎರಡು ರೂಪಾಯಿ ಮುಖಬೆಲೆಯದ್ದನ್ನು ಕೊಟ್ಟರೆಂಬ ಇನ್ನೊಂದು ದೂರಿಗೂ ಹುರುಳಿಲ್ಲ, ಏಕೆಂದರೆ ಮಾರುಕಟ್ಟೆಯಲ್ಲಿ ಮುಖಬೆಲೆಗೆ ಯಾರೂ ಷೇರು ಕೊಳ್ಳುವುದಿಲ್ಲ.

ಹಾಗಾದರೆ ಆಕ್ಷೇಪ ಎಲ್ಲಿದೆ? 2017-18ರಲ್ಲಿ ವಿಜಯಾ ಬ್ಯಾಂಕ್ 727 ಕೋಟಿ ರೂಪಾಯಿ ನಿವ್ವಳ ಲಾಭ ಮಾಡಿತ್ತು, ಅದೇ ವರ್ಷ ಬರೋಡಾ ಎರಡು ಸಾವಿರ ಕೋಟಿಗೂ ಹೆಚ್ಚು ನಷ್ಟ ತೋರಿಸಿತ್ತು. ಅನುಪಾತ ಕಟ್ಟುವಾಗ ಸಾಮಾನ್ಯವಾಗಿ ಮಾರುಕಟ್ಟೆ ಬೆಲೆ, ಗಳಿಕೆ ಮತ್ತು ಪುಸ್ತಕ ಮೌಲ್ಯಗಳನ್ನು ತೂಗಿ ನೋಡುತ್ತಾರೆ. ಯಾವುದಕ್ಕೆ ಎಷ್ಟು ತೂಕ ಕೊಟ್ಟರೆಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಆ ತೂಕವನ್ನು ಪ್ರಶ್ನಿಸಿ ಮತ ಹಾಕುವ ಅವಕಾಶ ವಿಜಯಾ ಷೇರುದಾರರಿಗೆ ಇರಲಿಲ್ಲ. ರಾಷ್ಟ್ರೀಕೃತ ಬ್ಯಾಂಕುಗಳ ವಿಲೀನವನ್ನು ರಿಸರ್ವ್ ಬ್ಯಾಂಕಿನೊಂದಿಗೆ ಸಮಾಲೋಚಿಸಿ ಕೇಂದ್ರ ಸರ್ಕಾರವೇ ಯೋಜನೆಯ ರೂಪದಲ್ಲಿ ಹೊರಡಿಸುತ್ತದೆ. ಆ ಸರ್ಕಾರವೇ ವಿಜಯಾ ಬ್ಯಾಂಕಿನ ಮೂರರಲ್ಲಿ ಎರಡು ಭಾಗಕ್ಕೂ, ಬರೋಡಾದ ಶೇಕಡ 60ಕ್ಕೂ ಹೆಚ್ಚಿನ ಒಡೆತನ ಹೊಂದಿತ್ತು. ಅನುಪಾತ ತುಸು ಕಡಿಮೆಯಾದರೆ ಅದಕ್ಕೆ ಒಂದು ಜೇಬಿನಿಂದ ಹೋದದ್ದರ ಬಹುಪಾಲು ಇನ್ನೊಂದು ಜೇಬಿಗೆ ಬರುತ್ತದೆ. ವಿಜಯಾ ಷೇರು ಮಾತ್ರ ಇಟ್ಟುಕೊಂಡಿದ್ದ ಸಣ್ಣ ಷೇರುದಾರನಿಗೆ ಇನ್ನೊಂದು ಜೇಬೇ ಇಲ್ಲ.

ಬೆಂಗಳೂರಿನದೇ ಆದ ಐಎನ್‌ಜಿ ವೈಶ್ಯ ಬ್ಯಾಂಕ್ 2015ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರದಲ್ಲಿ ವಿಲೀನವಾದದ್ದನ್ನು ಇದರ ಜೊತೆ ಹೋಲಿಸಿ ನೋಡಿ. ಅಲ್ಲಿ ಸಾವಿರಕ್ಕೆ 725 ಎಂಬ ಅನುಪಾತವು, ಘೋಷಣೆಗೆ ಹಿಂದಿನ ಒಂದು ತಿಂಗಳ ಸರಾಸರಿ ಬೆಲೆಗಳ ಲೆಕ್ಕದಲ್ಲಿ, ವೈಶ್ಯ ಷೇರಿಗೆ ಸುಮಾರು ಶೇಕಡ 16ರಷ್ಟು ಹೆಚ್ಚಿನ ಮೌಲ್ಯ ಕೊಟ್ಟಿತ್ತು. ಖಾಸಗಿ ಬ್ಯಾಂಕುಗಳ ವಿಲೀನಕ್ಕೆ ಮತ ಹಾಕುವ ಷೇರುದಾರರಲ್ಲಿ ಸಂಖ್ಯೆಯ ಬಹುಮತವೂ ಮೌಲ್ಯದಲ್ಲಿ ಮೂರನೇ ಎರಡು ಭಾಗವೂ ಬೇಕು, ಒಪ್ಪದವರು ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ ಮೌಲ್ಯವನ್ನು ಕೇಳಿ ಪಡೆಯಬಹುದು. ಕೊಳ್ಳುವವನು ಎದುರಿಗಿರುವವರನ್ನು ಒಪ್ಪಿಸಲೇಬೇಕಾದಾಗ ಅನುಪಾತವೂ ಆ ಒತ್ತಡಕ್ಕೆ ತಕ್ಕಂತೆ ಬಾಗುತ್ತದೆ.

ಅನುಪಾತ ನಿಗದಿಯಾದ ಮೇಲೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗುತ್ತದೆ. ವಿಲೀನವಾಗುವ ಷೇರಿಗೆ ಸ್ವಂತ ಬೆಲೆಯೇ ಇಲ್ಲದಂತಾಗಿ, ಅದು ಕೊಳ್ಳುವ ಬ್ಯಾಂಕಿನ ಬೆಲೆಯ ಹಿಂದೆಯೇ ನಡೆಯತೊಡಗುತ್ತದೆ. ಬರೋಡಾ ಷೇರು 2020ರ ಮೇ ತಿಂಗಳಲ್ಲಿ 40 ರೂಪಾಯಿಗಿಂತ ಕೆಳಗಿಳಿದಾಗ ಹಳೆಯ ಒಂದು ವಿಜಯಾ ಷೇರಿನ ಮೌಲ್ಯ 16 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. 2024ರಲ್ಲಿ 250 ದಾಟಿದಾಗ ಅದೇ ಷೇರು ನೂರು ರೂಪಾಯಿಗೆ ಸಮನಾಗಿತ್ತು. ಜಗಳವಾಡಿದ ಆ ಮೂರು ರೂಪಾಯಿ ಇದರ ಮುಂದೆ ಚಿಲ್ಲರೆ.

ಈಗಲೂ ಆ ಷೇರು ಇಟ್ಟುಕೊಂಡಿರುವವರಿಗೆ ಉಪಯೋಗಕ್ಕೆ ಬರುವ ಲೆಕ್ಕವೊಂದಿದೆ. 60 ರೂಪಾಯಿಯಂತೆ 250 ವಿಜಯಾ ಷೇರನ್ನು 15,000 ರೂಪಾಯಿಗೆ ಕೊಂಡವರಿಗೆ 100.5 ಬರೋಡಾ ಷೇರಿನ ಹಕ್ಕು ಬರುತ್ತದೆ. ನೂರು ಷೇರು ಡಿಮ್ಯಾಟ್ ಖಾತೆಗೆ ಸೇರುತ್ತದೆ, ಉಳಿದ ಅರ್ಧ ಷೇರಿನಂಥ ತುಣುಕುಗಳಿಗೆ ವಿಲೀನಗಳಲ್ಲಿ ಸಾಮಾನ್ಯವಾಗಿ ಹಣ ಕೊಡುತ್ತಾರೆ. ವಿಲೀನದಲ್ಲಿ ಆದ ಈ ವಿನಿಮಯವನ್ನು ಆದಾಯ ತೆರಿಗೆ ಕಾನೂನು ಮಾರಾಟವೆಂದು ಎಣಿಸುವುದಿಲ್ಲ. ಹಳೆಯ ಖರೀದಿ ಬೆಲೆಯೂ ಹಳೆಯ ಖರೀದಿ ದಿನಾಂಕವೂ ಹೊಸ ಷೇರಿಗೆ ಮುಂದುವರಿಯುತ್ತವೆ. ಆದ್ದರಿಂದ ಒಂದು ಬರೋಡಾ ಷೇರಿನ ಖರೀದಿ ಬೆಲೆ 15,000 ಭಾಗಿಸು 100.5, ಅಂದರೆ 149 ರೂಪಾಯಿ 25 ಪೈಸೆ. ಬ್ರೋಕರ್ ಆ್ಯಪ್‌ನಲ್ಲಿ ಇದು ಸೊನ್ನೆಯೆಂದೋ ಷೇರು ಬಂದ ದಿನದ ಬೆಲೆಯೆಂದೋ ಕಾಣುವುದುಂಟು. ಹಾಗೆ ಕಂಡರೆ ಷೇರು ಕೊಂಡಾಗ ಬ್ರೋಕರ್ ಕೊಟ್ಟ ಹಳೆಯ ಕಾಂಟ್ರ್ಯಾಕ್ಟ್ ನೋಟ್ ಹುಡುಕಿ, ಮಾರುವ ಮೊದಲೇ ಸರಿಪಡಿಸಿಕೊಳ್ಳಿ. ಇಲ್ಲವಾದರೆ ಬಾರದ ಲಾಭಕ್ಕೂ ತೆರಿಗೆ ಕಟ್ಟಬೇಕಾದೀತು.