ಪರ–ವಿರೋಧ: ಆಸ್ಪತ್ರೆಯ ಬಿಲ್ಲೂ ಕ್ಲೇಮಿನ ವಿವರಣೆಯೂ ಪಾಲಿಸಿದಾರರ ಭಾಷೆಯಲ್ಲಿ ಬರಬೇಕೇ?

ಪರ: ಕಡಿತದ ಕಾರಣ ತಿಳಿಯದವರು ಪ್ರಶ್ನೆಯನ್ನೇ ಕೇಳಲಾರರು

ಆಸ್ಪತ್ರೆಯೊಂದರ ವಿಮಾ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದವಳಾಗಿ ನಾನು ಈ ವಾದವನ್ನು ಮಂಡಿಸುತ್ತಿದ್ದೇನೆ. ಬಿಲ್ಲಿನ ಒಟ್ಟು ಮೊತ್ತವನ್ನು ಓದಲಾರದವರು ಆ ಮೇಜಿನ ಮುಂದೆ ಬಂದದ್ದು ಅಪರೂಪ. ಬಂದವರಲ್ಲಿ ಹೆಚ್ಚಿನವರಿಗೆ ಅಂಕಿಗಳು ಗೊತ್ತಾಗುತ್ತಿದ್ದವು, ಆದರೆ ಅಂಕಿಗಳ ಎಡಕ್ಕಿರುವ ಸಾಲು ಏನು ಹೇಳುತ್ತದೆ ಎಂಬುದು ಗೊತ್ತಾಗುತ್ತಿರಲಿಲ್ಲ. ಹಣ ಹೋಗುವುದು ಆ ಸಾಲುಗಳಲ್ಲಿ.

ನನ್ನ ಚಿಕ್ಕಪ್ಪನವರ ಕ್ಲೇಮನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ಒಂದೊಂದು ಸಾಲನ್ನೂ ನಾನು ಅವರ ಪಕ್ಕದಲ್ಲಿ ಕೂತು ಓದಿದ್ದೇನೆ. ಪಿತ್ತಕೋಶದಲ್ಲಿ ಕಲ್ಲುಗಳಾಗಿದ್ದರಿಂದ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆ ಅವರಿಗಾಯಿತು. ಲೆಕ್ಕ ಸುಲಭವಾಗಲೆಂದು ಮೊತ್ತಗಳನ್ನು ದುಂಡಾಗಿಸಿ ಹೇಳುತ್ತೇನೆ. ಒಟ್ಟು ಬಿಲ್ಲು 1,80,000. ಅದರಲ್ಲಿ ಮೂರು ದಿನದ ಕೋಣೆಯ ಬಾಡಿಗೆ 18,000, ಶಸ್ತ್ರವೈದ್ಯರ ಶುಲ್ಕ 45,000, ಅರಿವಳಿಕೆ ತಜ್ಞರದ್ದು 9,000, ಆಪರೇಷನ್ ಥಿಯೇಟರಿನದ್ದು 36,000, ಹೀಗೆ ಮೂರೂ ಸೇರಿ 90,000, ಔಷಧ ಮತ್ತು ಬಳಕೆಯ ಸಾಮಗ್ರಿ 42,000, ಪರೀಕ್ಷೆಗಳು 24,000, ನೋಂದಣಿ ಮೊದಲಾದ ಆಡಳಿತ ಶುಲ್ಕ 6,000. ವಿಮಾ ಕಂಪನಿ ಒಪ್ಪಿದ್ದು 1,33,000 ಮಾತ್ರ. ಉಳಿದ 47,000ವನ್ನು ಚಿಕ್ಕಪ್ಪನವರೇ ಕಟ್ಟಬೇಕಾಯಿತು.

ಅವರು ಆಯುಷ್ಯವಿಡೀ ಸಹಕಾರ ಸಂಘದ ಲೆಕ್ಕ ಬರೆದವರು. ಪಾಲಿಸಿಯಲ್ಲಿ ಕೋಣೆಗೆ ದಿನಕ್ಕೆ 4,000ದ ಮಿತಿ ಇದೆ, ತಾವು ಇದ್ದದ್ದು 6,000ದ ಕೋಣೆಯಲ್ಲಿ ಎಂಬುದು ಅವರಿಗೆ ಮೊದಲೇ ತಿಳಿದಿತ್ತು. ಆ ವ್ಯತ್ಯಾಸದ 6,000ವನ್ನು ಕೈಯಿಂದ ಕೊಡಲು ಸಿದ್ಧರಾಗಿಯೇ ಇದ್ದರು. ಕೈಗವಸು, ಏಪ್ರನ್ ಮುಂತಾದ ಸಾಮಗ್ರಿಗೆ ಕಡಿದ 5,000ವನ್ನೂ ಆಡಳಿತ ಶುಲ್ಕದ 6,000ವನ್ನೂ ಒಪ್ಪಿಕೊಂಡರು. ಉಳಿದ 30,000 ಎಲ್ಲಿಗೆ ಹೋಯಿತು ಎಂಬುದು ಮಾತ್ರ ಕಂಪನಿಯ ಪತ್ರವನ್ನು ಎಷ್ಟು ಸಲ ಓದಿದರೂ ಅವರಿಗೆ ಹೊಳೆಯಲಿಲ್ಲ. ಪತ್ರದಲ್ಲಿ ಆ ಮೊತ್ತದ ಎದುರಿಗಿದ್ದದ್ದು ಷರತ್ತಿನ ಸಂಖ್ಯೆ ಮತ್ತು ‘ಪ್ರೊಪೋರ್ಷನೇಟ್ ಡಿಡಕ್ಷನ್’ ಎಂಬ ಎರಡು ಪದ.

ಕೋಣೆಯ ಬಾಡಿಗೆಗೆ ಮಿತಿ ಇಟ್ಟಿರುವ ಹಲವು ಪಾಲಿಸಿಗಳಲ್ಲಿ ಈ ಕಡಿತ ಹೀಗೆ ನಡೆಯುತ್ತದೆ. ಮಿತಿ 4,000, ಕೋಣೆ 6,000. ಎಂದರೆ ಪಾಲಿಸಿದಾರರಿಗೆ ಇರುವ ಅರ್ಹತೆ ಮೂರರಲ್ಲಿ ಎರಡು ಪಾಲು. ಇದೇ ಪಾಲನ್ನು ಕೋಣೆಯ ಬಾಡಿಗೆಗಷ್ಟೇ ಅಲ್ಲದೆ ವೈದ್ಯರ ಶುಲ್ಕಕ್ಕೂ ಥಿಯೇಟರಿನ ಶುಲ್ಕಕ್ಕೂ ಅನ್ವಯಿಸುತ್ತಾರೆ. ದುಬಾರಿ ಕೋಣೆ ಹಿಡಿದವರಿಗೆ ಅನೇಕ ಆಸ್ಪತ್ರೆಗಳು ಅದೇ ಚಿಕಿತ್ಸೆಗೂ ಹೆಚ್ಚಿನ ದರ ಹಾಕುತ್ತವೆ, ಆ ಹೆಚ್ಚಳವನ್ನು ತಾವು ಹೊರಲಾಗದು ಎಂಬುದು ಕಂಪನಿಗಳು ಕೊಡುವ ಕಾರಣ. ಆದ್ದರಿಂದ 90,000ದಲ್ಲಿ 60,000ವನ್ನು ಒಪ್ಪಿ 30,000ವನ್ನು ಕಡಿದಿದ್ದರು. ಔಷಧಗಳಿಗೂ ಪರೀಕ್ಷೆಗಳಿಗೂ ಈ ಪಾಲು ಹಾಕಿರಲಿಲ್ಲ, ಏಕೆಂದರೆ ಷರತ್ತೇ ಅವನ್ನು ಹೊರಗಿಟ್ಟಿತ್ತು.

ಇದು ಗೊತ್ತಿಲ್ಲದ ಚಿಕ್ಕಪ್ಪನವರು ಶಸ್ತ್ರವೈದ್ಯರು ಹೆಚ್ಚು ಹಣ ಕೇಳಿದ್ದಾರೆ, ಅದಕ್ಕೇ ಕಂಪನಿ ಕಡಿದಿದೆ ಎಂದು ಭಾವಿಸಿದರು. ಆಸ್ಪತ್ರೆಗೆ ಹೋಗಿ ವಾದಿಸಿದರು, ತಮ್ಮನ್ನು ಗುಣಪಡಿಸಿದ ವೈದ್ಯರ ವಿಷಯದಲ್ಲಿ ಮನಸ್ಸು ಕೆಡಿಸಿಕೊಂಡರು. ದೂರು ತಪ್ಪು ಬಾಗಿಲಿಗೆ ಹೋಯಿತು. ಅದಕ್ಕೆ ಸಿಗಬೇಕಾದ ಉತ್ತರ ಸಿಗುವಂತೆಯೇ ಇರಲಿಲ್ಲ.

ನಾನು ಬಿಲ್ಲನ್ನೂ ಕಡಿತದ ಪತ್ರವನ್ನೂ ಆ ಷರತ್ತನ್ನೂ ಕನ್ನಡದಲ್ಲಿ ಸಾಲುಸಾಲಾಗಿ ಬರೆದುಕೊಟ್ಟೆ. ಪ್ರತಿ ಸಾಲಿನ ಮೂಲ ಹೆಸರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಅದರ ಅರ್ಥವನ್ನೂ ಕಡಿತವಿದ್ದರೆ ಯಾವ ಪಾಲಿನಲ್ಲಿ ಏಕೆ ಎಂಬುದನ್ನೂ ಬರೆದೆ. ಓದಿ ಮುಗಿಸಿದ ಅವರು ಕೇಳಿದ ಪ್ರಶ್ನೆ ಇದು: “ಅಲ್ಲಮ್ಮಾ, ದರ ಕೋಣೆಗೆ ತಕ್ಕಂತೆ ಬದಲಾಗುವ ಶುಲ್ಕಗಳಿಗೆ ಮಾತ್ರ ಕಡಿತ ಎಂದು ಷರತ್ತಿನಲ್ಲೇ ಇದೆಯಲ್ಲ, ಥಿಯೇಟರಿನ ಶುಲ್ಕ ಎಲ್ಲ ಕೋಣೆಯವರಿಗೂ ಒಂದೇ ಆಗಿದ್ದರೆ?” ಆಸ್ಪತ್ರೆಯ ದರಪಟ್ಟಿಯಲ್ಲಿ ಅದು ಒಂದೇ ಆಗಿತ್ತು. ಆ ದರಪಟ್ಟಿಯ ಪ್ರತಿಯನ್ನೂ ಆಸ್ಪತ್ರೆಯಿಂದ ಪಡೆದ ಒಂದು ಪತ್ರವನ್ನೂ ಸೇರಿಸಿ ಅವರು ಮರುಪರಿಶೀಲನೆಗೆ ಬರೆದರು. 36,000ದ ಮೇಲೆ ಕಡಿದಿದ್ದ ಮೂರನೆಯ ಒಂದು ಪಾಲು, ಅಂದರೆ 12,000, ಅವರ ಖಾತೆಗೆ ಮರಳಿತು. ವೈದ್ಯರ ಎರಡು ಶುಲ್ಕಗಳು ಕೋಣೆಗೆ ತಕ್ಕಂತೆ ಬದಲಾಗುತ್ತಿದ್ದವು, ಆದ್ದರಿಂದ ಅವುಗಳ ಮೇಲಿನ 18,000 ಮರಳಲಿಲ್ಲ. ಅದಕ್ಕೆ ಅವರು ಬೇಸರಪಡಲೂ ಇಲ್ಲ, ಏಕೆಂದರೆ ಆ ಕಡಿತ ಏಕೆಂದು ಈಗ ಅವರಿಗೆ ತಿಳಿದಿತ್ತು.

ಆ ಪ್ರಶ್ನೆಯನ್ನು ಕೇಳಿದವರು ಅವರು, ನಾನಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಲೆಕ್ಕದ ಬುದ್ಧಿ ಅವರಲ್ಲಿ ಮೊದಲೂ ಇತ್ತು. ಅದನ್ನು ಬಳಸಲು ಬೇಕಾದ ವಾಕ್ಯಗಳು ಅವರ ಕೈಗೆ ಬಂದಿರಲಿಲ್ಲ.

ಅನುವಾದವನ್ನು ವಿರೋಧಿಸುವವರು ವೈದ್ಯಕೀಯ ಪದಗಳಿಗೆ ಕನ್ನಡ ಸಾಲದು ಎನ್ನುತ್ತಾರೆ, ಬಿಲ್ಲು ಅರ್ಥವಾದರೆ ಜನ ಪ್ರತಿ ಸಾಲಿಗೂ ತಕರಾರು ತೆಗೆಯುತ್ತಾರೆ ಎಂದು ಅಂಜುತ್ತಾರೆ. ಹಣ ಕೊಡುವವರು ತಕರಾರು ತೆಗೆಯಲಿ, ಅದು ಅವರ ಹಕ್ಕು. ಮೂಲ ಪತ್ರಕ್ಕೇ ಕಾನೂನಿನ ಬಲ, ಅನುವಾದಕ್ಕಿಲ್ಲ ಎಂಬ ಮಾತನ್ನೂ ಕೇಳಿದ್ದೇನೆ. ಅದು ವಕೀಲರಿಗೆ ಬಿಟ್ಟ ವಿಷಯ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮೇಜಿನ ಮುಂದೆ ನಿಂತವರಿಗೆ ಬೇಕಾಗಿರುವುದು ತಾವು ಯಾವುದಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂಬ ತಿಳಿವಳಿಕೆ. ಕಡಿತದ ಪತ್ರದ ಜೊತೆಗೇ, ಕೇಳದೆಯೇ, ಅದು ಅವರಿಗೆ ಅವರ ಭಾಷೆಯಲ್ಲಿ ಸಿಗಬೇಕು.

ವಿರೋಧ: ಅನುವಾದವನ್ನು ನಂಬಿ ಬರೆದ ಆಕ್ಷೇಪಣೆ ನಿಲ್ಲುವುದಿಲ್ಲ

ವಿರೋಧದ ಪಕ್ಷವನ್ನು ಬರೆಯಲು ನನ್ನನ್ನು ಕೇಳಲಾಗಿದೆ. ಪಾಲಿಸಿದಾರರಿಗೆ ಬಿಲ್ಲು ಅರ್ಥವಾಗಬೇಕೆಂಬುದಕ್ಕೆ ನನ್ನ ವಿರೋಧವಿಲ್ಲ ಎಂದು ಮೊದಲಿಗೇ ಹೇಳಿಬಿಡುತ್ತೇನೆ. ಕ್ಲೇಮುಗಳ ಪರಿಶೀಲನೆಯಲ್ಲಿ ಇದ್ದವನಾಗಿ ನನ್ನ ಆತಂಕ ಇರುವುದು ಅನುವಾದವಾದ ಕಾಗದವನ್ನು ಜನ ಯಾವುದಕ್ಕೆ ಬಳಸುತ್ತಾರೆ ಎಂಬುದರಲ್ಲಿ.

ಕ್ಲೇಮು ತೀರ್ಮಾನವಾಗುವುದು ಮೂಲ ದಾಖಲೆಯ ಪದಗಳ ಮೇಲೆ ಮತ್ತು ಸಂಕೇತಗಳ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ `K80.0` ಎಂದರೆ ತೀವ್ರ ಉರಿಯೂತದೊಡನೆ ಇರುವ ಪಿತ್ತಕೋಶದ ಕಲ್ಲು, `K80.2` ಎಂದರೆ ಉರಿಯೂತವಿಲ್ಲದ ಕಲ್ಲು. ಪರಿಶೀಲಕನ ದೃಷ್ಟಿಯಲ್ಲಿ ಇವೆರಡೂ ಬೇರೆ: ಮೊದಲನೆಯದು ಸಾಮಾನ್ಯವಾಗಿ ತುರ್ತು ದಾಖಲಾತಿಯನ್ನು ಸಮರ್ಥಿಸುತ್ತದೆ, ಎರಡನೆಯದರಲ್ಲಿ ಶಸ್ತ್ರಚಿಕಿತ್ಸೆಯ ದಿನವನ್ನು ಮುಂಚೆಯೇ ಗೊತ್ತುಮಾಡಬಹುದಿತ್ತಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಅನುವಾದಕರು ಎರಡನ್ನೂ ‘ಪಿತ್ತಕೋಶದ ಕಲ್ಲು’ ಎಂದು ಬರೆದರೆ ಓದುಗರಿಗೆ ಸುಲಭವಾಗುತ್ತದೆ, ಆದರೆ ಕ್ಲೇಮು ನಿಂತಿರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಚಿಕಿತ್ಸೆಯ ವಿವರಣೆಯ ಸಾಲುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕ್ಯಾಮೆರಾದ ಮೂಲಕ ಆರಂಭಿಸಿದ ಶಸ್ತ್ರಚಿಕಿತ್ಸೆಯಲ್ಲಿ ಅಂಗಾಂಶಗಳು ಅಂಟಿಕೊಂಡಿದ್ದರೆ ಅಥವಾ ರಕ್ತಸ್ರಾವವಾದರೆ ವೈದ್ಯರು ನಡುವೆಯೇ ಹೊಟ್ಟೆಯನ್ನು ತೆರೆದು ಮುಗಿಸಬೇಕಾಗಬಹುದು. ಬಿಲ್ಲಿನಲ್ಲಿ ಇದು ‘ಲ್ಯಾಪ್ ಕನ್ವರ್ಟೆಡ್ ಟು ಓಪನ್’ ಎಂದು ಬರುತ್ತದೆ. ಆದದ್ದು ಒಂದೇ ಶಸ್ತ್ರಚಿಕಿತ್ಸೆ. ಇದನ್ನು ಯಾರೋ ‘ರಂಧ್ರದ ಶಸ್ತ್ರಚಿಕಿತ್ಸೆ ಮತ್ತು ತೆರೆದ ಶಸ್ತ್ರಚಿಕಿತ್ಸೆ’ ಎಂದು ಅನುವಾದಿಸಿಕೊಟ್ಟಿದ್ದ ಕಡತವೊಂದು ನನ್ನ ಮುಂದೆ ಬಂದಿತ್ತು. ಎರಡು ಶಸ್ತ್ರಚಿಕಿತ್ಸೆಗಳಿಗೆ ಹಣ ಹಾಕಿದ್ದಾರೆ ಎಂದು ರೋಗಿಯ ಮಗ ದೀರ್ಘವಾದ ದೂರು ಬರೆದಿದ್ದರು. ಆ ದೂರಿಗೆ ಉತ್ತರ ಹೋಗುವಷ್ಟರಲ್ಲಿ, ಅದೇ ಕಡತದಲ್ಲಿದ್ದ ನಿಜವಾದ ತಪ್ಪನ್ನು ಆಕ್ಷೇಪಿಸುವ ಅವಧಿ ಮುಗಿಯುತ್ತಾ ಬಂದಿತ್ತು. ಬಿಲ್ಲಿನ ಇನ್ನೊಂದು ಸಾಲಿನಲ್ಲಿ, ಪರೀಕ್ಷಿಸಲು ಕ್ಯಾಮೆರಾ ಇಳಿಸಿದ್ದಕ್ಕೆ ಪ್ರತ್ಯೇಕ ಶುಲ್ಕ ಹಾಕಿದ್ದರು. ಶಸ್ತ್ರಚಿಕಿತ್ಸೆಯನ್ನೇ ಕ್ಯಾಮೆರಾದ ಮೂಲಕ ಆರಂಭಿಸಿದಾಗ ಆ ಪರೀಕ್ಷೆ ಅದರೊಳಗೇ ಸೇರಿರುತ್ತದೆ. ಅನುವಾದದಲ್ಲಿ ಈ ಸಾಲು ಸರಿಯಾಗಿಯೇ ಇತ್ತು, ಆದರೆ ಭಾಷೆ ತಿಳಿದ ಮಾತ್ರಕ್ಕೆ ಆ ತಪ್ಪು ಕಾಣುವಂಥದ್ದಲ್ಲ.

ಪರ ಬರೆದವರ ಚಿಕ್ಕಪ್ಪನವರಿಗೆ 12,000 ಮರಳಿದ್ದು ಸಂತೋಷದ ವಿಷಯ. ಆದರೆ ಅವರಿಗೆ ನೆರವಾದದ್ದು ಅನುವಾದವೆಂದು ನಾನು ಒಪ್ಪಲಾರೆ. ‘ಪ್ರೊಪೋರ್ಷನೇಟ್ ಡಿಡಕ್ಷನ್’ ಎಂಬುದನ್ನು ‘ಅನುಪಾತದ ಕಡಿತ’ ಎಂದು ಬರೆದಿದ್ದರೆ ಅವರಿಗೆ ಇನ್ನಷ್ಟು ತಿಳಿಯುತ್ತಿರಲಿಲ್ಲ. ವಿಮಾ ವಿಭಾಗದಲ್ಲಿ ಪಳಗಿದ ಮನೆಯ ಮಗಳೊಬ್ಬಳು ಪಕ್ಕದಲ್ಲಿ ಕೂತು ಲೆಕ್ಕ ಬಿಡಿಸಿದಳು. ಅಂಥ ಮಗಳು ಪ್ರತಿ ಮನೆಯಲ್ಲಿ ಇರುವುದಿಲ್ಲ. ಯಾಂತ್ರಿಕವಾಗಿ ಅನುವಾದಗೊಂಡು ಬಿಲ್ಲಿನ ಜೊತೆ ಬರುವ ಹಾಳೆ ಅವಳ ಕೆಲಸವನ್ನು ಮಾಡುವುದೂ ಇಲ್ಲ.

ಆದ್ದರಿಂದ ಇದೇ ಶ್ರಮವನ್ನು ದಾಖಲಾಗುವ ಮೊದಲು ಹಾಕಬೇಕೆಂಬುದು ನನ್ನ ವಾದ. ಕೋಣೆ ಆಯ್ದುಕೊಳ್ಳುವ ಹೊತ್ತಿನಲ್ಲಿ, “ನಿಮ್ಮ ಮಿತಿ 4,000, ಈ ಕೋಣೆ ಹಿಡಿದರೆ ವೈದ್ಯರ ಶುಲ್ಕದಲ್ಲೂ ಮೂರನೆಯ ಒಂದು ಪಾಲು ನಿಮ್ಮ ಮೇಲೆ ಬೀಳುತ್ತದೆ” ಎಂದು ರೋಗಿಯ ಕಡೆಯವರಿಗೆ ಅವರ ಭಾಷೆಯಲ್ಲಿ ಹೇಳಿ ಸಹಿ ಪಡೆದರೆ, ಆ 30,000ದ ಪ್ರಶ್ನೆಯೇ ಏಳುವುದಿಲ್ಲ. ಬಿಲ್ಲಿನ ಅನುವಾದ ಬೇಕೆನ್ನುವವರಿಗೆ ಅದನ್ನೂ ಕೊಡಲಿ, ಆದರೆ ಆಕ್ಷೇಪಣೆ ಬರೆಯುವಾಗ ಮೂಲ ಬಿಲ್ಲಿನ ಸಾಲಿನ ಸಂಖ್ಯೆ, ಸಂಕೇತ ಮತ್ತು ಷರತ್ತಿನ ಸಂಖ್ಯೆಯನ್ನೇ ಉಲ್ಲೇಖಿಸಬೇಕೆಂದು ಆ ಹಾಳೆಯ ಮೇಲ್ಭಾಗದಲ್ಲಿಯೇ ಅಚ್ಚು ಹಾಕಿರಬೇಕು.