ಹದಿನಾರು ಪೀಸಿನ ಮಹಾಭಾಗ್ಯ

ಹಬ್ಬದ ಆಫರ್‌ಗಳಲ್ಲಿ ಈಗ ಗಾಲ್ಫೂ ಸೇರಿಕೊಂಡಿದೆ. 'ಹೊಸಬರಿಗಾಗಿ 16 ಪೀಸಿನ ಕಂಪ್ಲೀಟ್ ಸೆಟ್' ಎಂಬ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಪ್ರಮೋಷನ್ ಸಿಕ್ಕಿದ ವಾರವೇ ಅದು ಫೋನಿಗೆ ಬಂದು ಬೀಳುತ್ತದೆ. ಬಾಸ್ ಗಾಲ್ಫ್ ಆಡುತ್ತಾರೆ ಎಂಬ ಸುದ್ದಿ ಅದಕ್ಕೆ ಹೇಗೆ ಗೊತ್ತಾಯಿತೋ.

ಹದಿನಾರು ಪೀಸ್ ಎಂದರೆ ಏನೇನು ಎಂದು ಒಮ್ಮೆ ಎಣಿಸಿ. ಮೊದಲು ಚೆಂಡು ಹೊಡೆಯುವ ಕೋಲುಗಳು, ಅಂದರೆ ಕ್ಲಬ್ಬುಗಳು: ಡ್ರೈವರ್, 3 ವುಡ್, ಒಂದು ಹೈಬ್ರಿಡ್, ಆರರಿಂದ ಒಂಬತ್ತರವರೆಗೆ ನಾಲ್ಕು ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಅಲ್ಲಿಗೆ ಹತ್ತು. ಮಿಕ್ಕ ಆರು ಎಲ್ಲಿ? ಬ್ಯಾಗ್ ಒಂದು ಪೀಸ್. ಮಳೆ ಬಂದರೆ ಬ್ಯಾಗಿನ ಬಾಯಿ ಮುಚ್ಚುವ ಟೋಪಿ ಇನ್ನೊಂದು ಪೀಸ್. ಕ್ಲಬ್ಬುಗಳ ತಲೆಗೆ ತೊಡಿಸುವ ಕುಲಾವಿ ನಾಲ್ಕು ಪೀಸ್. ಮದುವೆಗೆ ಉಡುಗೊರೆ ಕೊಡುವ 51 ಪೀಸಿನ ಡಿನ್ನರ್ ಸೆಟ್ಟಿನಲ್ಲಿ ಚಮಚಗಳನ್ನೂ ಎಣಿಸುತ್ತಾರಲ್ಲ, ಅದೇ ಲೆಕ್ಕ. ಕುಲಾವಿಯಿಂದ ಚೆಂಡು ಹೊಡೆಯುವ ಕ್ರಮ ಇನ್ನೂ ಬಂದಿಲ್ಲ.

'ಹತ್ತು ಸಾಲದು ಸರ್, ರೂಲ್ ಪ್ರಕಾರ ಹದಿನಾಲ್ಕು' ಎನ್ನುವ ಮಾರಾಟಗಾರರೂ ಇದ್ದಾರೆ. ಆಹಾ, ನಿಯಮ ಓದಿದವರು! ಹದಿನಾಲ್ಕು ಎಂಬುದು ಗರಿಷ್ಠ ಮಿತಿ. ಅಮೆರಿಕದಲ್ಲಿ ಅದು ಜಾರಿಗೆ ಬಂದದ್ದು 1938ರಲ್ಲಿ, ಮರುವರ್ಷ ಬ್ರಿಟನ್ನಿನಲ್ಲಿ ಗಾಲ್ಫ್ ನಿಯಮ ಮಾಡುವ ಆರ್ ಅಂಡ್ ಎ ಕೂಡ ಒಪ್ಪಿತು. ಅದಕ್ಕೆ ಮುಂಚೆ ಕೆಲವರು ಇಪ್ಪತ್ತು ದಾಟಿಸಿ ತುಂಬಿಕೊಂಡು ಬರುತ್ತಿದ್ದರು, ಹೊರುವವನು ಕ್ಯಾಡಿ ತಾನೆ. ಹದಿನೈದನೆಯದು ಬ್ಯಾಗಿನಲ್ಲಿ ಸಿಕ್ಕರೆ ಒಂದು ಹೋಲಿಗೆ ಎರಡು ಸ್ಟ್ರೋಕ್ ದಂಡ, ಇಡೀ ಸುತ್ತಿಗೆ ಹೆಚ್ಚೆಂದರೆ ನಾಲ್ಕು. ಕಡಿಮೆ ಇದ್ದರೆ ದಂಡವೇ ಇಲ್ಲ. 1916ರಲ್ಲಿ ಚಿಕ್ ಎವನ್ಸ್ ಎಂಬಾತ ಹಿಕರಿ ಮರದ ದಂಟಿನ ಏಳೇ ಕ್ಲಬ್ ಇಟ್ಟುಕೊಂಡು ಯುಎಸ್ ಓಪನ್ ಗೆದ್ದ. ಬೆಂಗಳೂರಿನ ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಆ ಕಾಲದ ದೊರೆಗಳಿಗೆ ಸಾಕಾಗಿದ್ದ ಏಳೆಂಟು ಕೋಲು ನಮ್ಮ ಟೀಮ್ ಲೀಡರ್‌ಗೆ ಸಾಲದು.

ಸಾಲದು ಏಕೆ ಎಂದು ಕೇಳಿದರೆ 'ಒಂದೊಂದು ದೂರಕ್ಕೆ ಒಂದೊಂದು ಕ್ಲಬ್' ಎಂಬ ಉತ್ತರ ಸಿದ್ಧ. ಟಿವಿಯಲ್ಲಿ ಆಡುವವರಿಗೆ ಇದು ನಿಜ. ಅಕ್ಕಪಕ್ಕದ ಎರಡು ಐರನ್‌ಗಳ ನಡುವೆ ಮುಖದ ಓರೆಯಲ್ಲಿ ಸುಮಾರು ನಾಲ್ಕು ಡಿಗ್ರಿ, ಉದ್ದದಲ್ಲಿ ಅರ್ಧ ಇಂಚು ವ್ಯತ್ಯಾಸ. ಅವರ ಕೈಯಲ್ಲಿ ಅದು ಹತ್ತು ಹದಿನೈದು ಗಜವಾಗಿ ಕಾಣುತ್ತದೆ. ಈಗ ನಮ್ಮ ಹೊಸಬನನ್ನು ನಿಲ್ಲಿಸಿ. ಏಳನೇ ಐರನ್ ಸರಿಯಾಗಿ ತಗುಲಿದರೆ 110 ಗಜ ಎಂದುಕೊಳ್ಳೋಣ. ಆರನೆಯದರಲ್ಲಿ ಅವನಿಗೆ ಸಿಗುವುದು ಏಳೆಂಟು ಗಜ ಹೆಚ್ಚು. ಆದರೆ ಅದೇ ಏಳನೇ ಐರನ್ನಿನಲ್ಲಿ ಹತ್ತು ಚೆಂಡು ಹೊಡೆಸಿ ನೋಡಿ. ಒಂದು 110ಕ್ಕೆ, ಒಂದು 85ಕ್ಕೆ, ಮತ್ತೊಂದು ನೆಲ ಕೆರೆದು ನಲವತ್ತಕ್ಕೆ, ಇನ್ನೊಂದು ಪಕ್ಕದಲ್ಲಿ ಆಡುವವನ ಜಾಗಕ್ಕೆ. ಏಳೆಂಟು ಗಜದ ವ್ಯತ್ಯಾಸ ಈ ಚೆಲ್ಲಾಪಿಲ್ಲಿಯೊಳಗೆ ಹುಡುಕಿದರೂ ಸಿಗುವುದಿಲ್ಲ. ಅವನ ಪಾಲಿಗೆ ಆರೂ ಏಳೂ ಒಂದೇ, ದುಡ್ಡು ಮಾತ್ರ ಎರಡರದ್ದು.

ನಾಲ್ಕನೇ ಐರನ್ನಿನ ಕಥೆ ಇನ್ನೂ ಚೆನ್ನ. ಓರೆ ಕಡಿಮೆ ಇರುವ ಆ ಮುಖದಿಂದ ಚೆಂಡು ಎತ್ತರಕ್ಕೆ ಏಳಬೇಕಾದರೆ ಸ್ವಿಂಗಿನಲ್ಲಿ ವೇಗ ಬೇಕು. ವೇಗವಿಲ್ಲದವನ ಚೆಂಡು ತಗ್ಗಾಗಿ ಹೊರಟು ಬೇಗ ಬೀಳುತ್ತದೆ, ಎಷ್ಟೋ ಸಲ ಐದನೇ ಐರನ್ನಿನಷ್ಟೂ ಹೋಗುವುದಿಲ್ಲ. ಹೈಬ್ರಿಡ್‌ನ ತೂಕ ಕೆಳಗೆ, ಹಿಂದಕ್ಕೆ ಇರುವುದರಿಂದ ಅದೇ ನಿಧಾನದ ಸ್ವಿಂಗಿಗೂ ಚೆಂಡು ಮೇಲೇಳುತ್ತದೆ. ಆದ್ದರಿಂದ ಬೇಕಾದದ್ದು ಇಷ್ಟು: 5 ವುಡ್, 5 ಹೈಬ್ರಿಡ್, ಏಳು, ಒಂಬತ್ತು, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಡ್ರೈವರ್ ಆಮೇಲೆ ಬರಲಿ. ಅದು ಎಲ್ಲಕ್ಕಿಂತ ಉದ್ದ, ಪಟರ್ ಬಿಟ್ಟರೆ ಓರೆ ಎಲ್ಲಕ್ಕಿಂತ ಕಡಿಮೆ. ಮುಖ ತುಸು ತೆರೆದುಕೊಂಡರೂ ಚೆಂಡು ಬಲಗಡೆಯ ಪೊದೆಗೆ.

ಇಂಥ ಏಳೆಂಟು ಕ್ಲಬ್ಬಿನ ಸೆಟ್ಟಿಗೆ ಹಾಫ್ ಸೆಟ್ ಎನ್ನುತ್ತಾರೆ, ಆದರೆ ಹಾಗೆ ಬರೆದದ್ದನ್ನೆಲ್ಲ ನಂಬಬೇಡಿ. ಕೆಲವದರಲ್ಲಿ ಸ್ಯಾಂಡ್ ವೆಜ್ಜೇ ಇರುವುದಿಲ್ಲ. ಬಂಕರಿಗೆ ಬಿದ್ದವನು ಒಂಬತ್ತನೇ ಐರನ್ನಿನಲ್ಲಿ ಮರಳು ಅಗೆಯುತ್ತಾ ಅಲ್ಲೇ ಮನೆ ಮಾಡುತ್ತಾನೆ. ಪಿಚಿಂಗ್ ವೆಜ್‌ನ ಡಿಗ್ರಿಯನ್ನೂ ಕೇಳಿ. ಈಗಿನ ಎಷ್ಟೋ ಸೆಟ್ಟುಗಳಲ್ಲಿ ಅದು 44 ಡಿಗ್ರಿ. ಜೊತೆಗಿರುವ ಸ್ಯಾಂಡ್ ವೆಜ್ 56 ಆದರೆ ನಡುವೆ ಹನ್ನೆರಡು ಡಿಗ್ರಿಯ ಕಂದಕ, ಅದನ್ನು ಮುಚ್ಚಲು ಮುಂದೆ ಐವತ್ತರ ಆಸುಪಾಸಿನದೊಂದು ಕೊಳ್ಳಬೇಕಾದೀತು. ಇನ್ನೊಂದು ಮಾತು. ಬಿಟ್ಟುಹೋದ ಆರು, ಎಂಟನ್ನು ಆಮೇಲೆ ತಂದು ಜೋಡಿಸೋಣ ಎಂದರೆ ಅಷ್ಟರಲ್ಲಿ ಆ ಮಾಡೆಲ್ಲೇ ನಿಂತುಹೋಗಿರಬಹುದು. ಹಾಗಾದಾಗ ಇದನ್ನು ಮಾರಿ ಬೇರೆ ತೆಗೆದುಕೊಳ್ಳುವುದೇ ಸರಿ. ಮೊದಲ ಸೆಟ್ ಸೆಕೆಂಡ್ ಹ್ಯಾಂಡ್ ಇರಲಿ ಎನ್ನುವುದು ಅದಕ್ಕೇ.

ಸೆಕೆಂಡ್ ಹ್ಯಾಂಡ್ ನೋಡುವಾಗ ಹೊಳಪಿಗೆ ಮರುಳಾಗಬೇಡಿ. ಕ್ಲಬ್ಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಲಗಲ ಎಂದರೆ ಅಂಟಿನ ಚೂರು ಕಳಚಿದೆ, ತಲೆ ಸಡಿಲವಾಗಿದೆಯೇ ಎಂದು ತಿರುಚಿ ನೋಡಿ. ದಂಟು ತಲೆಗೆ ಸೇರುವಲ್ಲಿ ಕಪ್ಪು ಪ್ಲಾಸ್ಟಿಕ್ ಬಳೆ ಇರುತ್ತದೆ, ಅದರ ಕೆಳಗೆ ಸಂದು ಬಿಟ್ಟಿದ್ದರೆ ಅನುಮಾನಿಸಿ. ಗ್ರಾಫೈಟ್ ದಂಟಿನ ಮೇಲೆ ಉಗುರು ಎಳೆಯಿರಿ, ಬಿರುಕು ಉಗುರಿಗೆ ತಾಗಿದರೆ ಅಂಥದ್ದು ಬೇಡವೇ ಬೇಡ. ಗ್ರಿಪ್ ಮಾತ್ರ ಗಟ್ಟಿಯಾಗಿ ಜಾರುತ್ತಿದ್ದರೆ ಗಾಬರಿಯಿಲ್ಲ, ಬದಲಾಯಿಸಬಹುದು. ಆ ಖರ್ಚನ್ನು ಚೌಕಾಸಿಯಲ್ಲಿ ಕಳೆಯಿರಿ.

ನಗು ಬರದಿರುವುದು ಇಲ್ಲಿ. ಅಂಗಡಿಗೆ ಬಂದವನ ಎತ್ತರ ಯಾರೂ ಕೇಳುವುದಿಲ್ಲ, ಮಣಿಕಟ್ಟಿನಿಂದ ನೆಲಕ್ಕೆ ಟೇಪ್ ಯಾರೂ ಹಿಡಿಯುವುದಿಲ್ಲ. ವಯಸ್ಸು ನೋಡಿ 'ಯಂಗ್ ಇದ್ದೀರಿ, ಸ್ಟಿಫ್ ಶಾಫ್ಟ್ ತಗೊಳ್ಳಿ' ಎನ್ನುತ್ತಾರೆ. ಹೆಂಗಸರು ಬಂದರೆ ಅಳತೆಯ ಬದಲು ಗುಲಾಬಿ ಬಣ್ಣ ತೋರಿಸುತ್ತಾರೆ. ಗಿಡ್ಡಗಿರುವವರ ಕೈಗೆ ಉದ್ದದ ಕ್ಲಬ್ ಕೊಟ್ಟರೆ ಕ್ಲಬ್ಬಿನ ತಲೆಯ ತುದಿ ಮೇಲೆದ್ದು ಅದರ ಹಿಮ್ಮಡಿ ನೆಲಕ್ಕೆ ತಾಗುತ್ತದೆ, ಬಲಗೈಯವರ ಚೆಂಡು ಎಡಕ್ಕೆ ಎಳೆಯುತ್ತದೆ. ತಿಂಗಳುಗಟ್ಟಲೆ ಪ್ರಾಕ್ಟೀಸ್ ರೇಂಜಿನಲ್ಲಿ ಬಕೆಟ್ ಬಕೆಟ್ ಚೆಂಡು ಖಾಲಿ ಮಾಡಿ, ತಪ್ಪು ತನ್ನ ಸ್ವಿಂಗಿನದೇ ಎಂದುಕೊಂಡು ಬಿಟ್ಟುಹೋಗುತ್ತಾರೆ. ಅಳತೆ ತೆಗೆಯಲು ಎರಡು ನಿಮಿಷ ಸಾಕು. ಅಷ್ಟೂ ಮಾಡದವರಿಗೆ ಸಾವಿರಗಟ್ಟಲೆ ಎಣಿಸಿಕೊಳ್ಳುವ ಹಕ್ಕು ಎಲ್ಲಿಂದ ಬಂತು? ಹೊರಗೆ ಎಳೆಯದೇ ಇರುವ ಐರನ್‌ಗಳನ್ನೂ ಸೇರಿಸಿ ಹತ್ತು ಹನ್ನೆರಡು ಕಿಲೋ ಹೊತ್ತು ನಾಲ್ಕು ಗಂಟೆ ನಡೆಯುವ ಕ್ಯಾಡಿಯ ಭುಜದ ಮಾತು ಕ್ಯಾಟಲಾಗಿನಲ್ಲಿ ಇಲ್ಲ.

ಇಷ್ಟಾಗಿಯೂ 25,000 ರೂಪಾಯಿ ಇದೆ, ಖರ್ಚು ಮಾಡಿಯೇ ತೀರುತ್ತೇನೆ ಎನ್ನುವವರು ಕ್ಲಬ್ಬುಗಳಿಗೆ ಹದಿನೈದು ಸಾವಿರದ ಮೇಲೆ ಹೋಗಬೇಡಿ. ಮಿಕ್ಕದ್ದು ಕೋಚಿಗೆ, ರೇಂಜಿನ ಚೆಂಡಿಗೆ. ಆ ಹದಿನೈದರಲ್ಲೂ ಮೊದಲು ಪಟರ್ ಆರಿಸಿ. ಇಡೀ ಸುತ್ತಿಗೆ ನಿಗದಿಯಾದ 72 ಹೊಡೆತಗಳ ಪಾರ್‌ನಲ್ಲಿ ಕುಳಿಯಿರುವ ಗ್ರೀನಿನ ಮೇಲೆ ಪಟರ್ ಹೊಡೆತಗಳಿಗೆಂದೇ ಮೂವತ್ತಾರು ಎಣಿಸಿಟ್ಟಿದ್ದಾರೆ, ಹೊಸಬನಿಗೆ ನಲವತ್ತು ಮೀರುವುದೂ ಉಂಟು. ಬಾಗಿ ನಿಂತಾಗ ಕಣ್ಣು ಹೆಚ್ಚುಕಡಿಮೆ ಚೆಂಡಿನ ನೇರಕ್ಕೆ ಬರಬೇಕು, ಹಿಡಿಯ ತುದಿ ಹೊಟ್ಟೆಗೆ ತಿವಿಯಬಾರದು. 35 ಇಂಚಿನದು ಹಾಗೆ ತಿವಿದರೆ 33ರದ್ದು ಕೇಳಿ. ಹದಿನಾರು ಪೀಸಿನ ಜಾಹೀರಾತಿನಲ್ಲಿ ಪಟರ್ ಮೂಲೆಯಲ್ಲಿ ಅರ್ಧ ಮರೆಯಾಗಿ ನಿಂತಿರುತ್ತದೆ, ಅದರ ಮುಂದೆ ಅಡ್ಡಲಾಗಿ ಮಳೆಯ ಟೋಪಿ.