ಬ್ರಾಹ್ಮಿ ಸಿರಪ್ಪಿನ ಪರೀಕ್ಷಾ ವೇಳಾಪಟ್ಟಿ

ಫೆಬ್ರುವರಿ ಬಂತೆಂದರೆ ಶಿವಮೊಗ್ಗದ ಮೆಡಿಕಲ್ ಶಾಪುಗಳಲ್ಲಿ ಕೆಮ್ಮಿನ ಸಿರಪ್ಪು ಹಿಂದಕ್ಕೆ ಸರಿಯುತ್ತದೆ, ನೆನಪಿನ ಸಿರಪ್ಪು ಮುಂದಕ್ಕೆ ಬರುತ್ತದೆ. ಡಬ್ಬದ ಮೇಲೆ ಕನ್ನಡಕ ಹಾಕಿದ ಹುಡುಗ. ಅವನ ತಲೆಯಿಂದ ಮಿಂಚು ಹೊರಡುತ್ತಿರುತ್ತದೆ. ಪಕ್ಕದಲ್ಲೊಂದು ಒಂದೆಲಗದ ಎಲೆ. ಒಳಗಿರುವುದು ಮಾತ್ರ ಗದ್ದೆಯಂಚಿನ ಒದ್ದೆ ನೆಲದಲ್ಲಿ ಹಬ್ಬುವ, ಪುಟ್ಟ ದಪ್ಪ ಎಲೆಯ ನೀರುಬ್ರಾಹ್ಮಿ. ಗಿಡವೇ ಬೇರೆ. ತಂಬುಳಿ ಮಾಡಿ ಉಣ್ಣುವ ಮಲೆನಾಡಿನವರಿಗೆ ಒಂದೆಲಗ ತೋರಿಸಿದರೆ ನಂಬಿಕೆ ಬೇಗ ಬರುತ್ತದೆ, ಅಲ್ವಾ?

ಪಕ್ಕದ ಮನೆಯ ರಾಯರು ಮಗನ ದ್ವಿತೀಯ ಪಿಯುಸಿಗೆಂದು ಫೆಬ್ರುವರಿ ಕೊನೆಯಲ್ಲಿ ಒಂದು ಬಾಟಲಿ ತಂದರು. "ಇನ್ನು ಹುಡುಗನಿಗೆ ಮರೆವು ಅನ್ನೋದೇ ಇಲ್ಲ ಮಾರಾಯ್ರೆ" ಎಂದರು. ಪರೀಕ್ಷೆ ಮಾರ್ಚ್ ಮೊದಲ ವಾರದಲ್ಲಿ.

ಬ್ರಾಹ್ಮಿ ಪೂರ್ತಿ ಸುಳ್ಳಲ್ಲ. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 76 ಜನರಲ್ಲಿ ಕೆಲವರಿಗೆ ಬ್ರಾಹ್ಮಿ, ಉಳಿದವರಿಗೆ ಸುಮ್ನೆ ಹುಸಿ ಮಾತ್ರೆ ಕೊಟ್ಟರು. ಕೊಟ್ಟಿದ್ದು ಒಂದು ದಿನ, ಎರಡು ದಿನವಲ್ಲ, ಮೂರು ತಿಂಗಳು. ಬ್ರಾಹ್ಮಿ ನುಂಗಿದವರು ಹೊಸದಾಗಿ ಕಲಿತಿದ್ದನ್ನು ಸ್ವಲ್ಪ ಕಡಿಮೆ ಮರೆತರು. ಆದರೆ ಕಲಿಯುವ ವೇಗ ಹೆಚ್ಚಲಿಲ್ಲ. ಅಂದರೆ ಓದಿದ್ದು ಸೋರುವುದು ತುಸು ತಗ್ಗಬಹುದು, ಓದದೇ ಇರುವುದು ಒಳಗೆ ಹೋಗುವುದಿಲ್ಲ. ಇನ್ನೊಂದು ಸಲ ಒಂದೇ ಡೋಸ್ ಕೊಟ್ಟು ಎರಡು ಗಂಟೆ ಬಿಟ್ಟು ನೋಡಿದ್ದರು. ಏನೂ ಆಗಿರಲಿಲ್ಲ. ಹಾಲ್ ಟಿಕೆಟ್ ಜೇಬಿಗಿಟ್ಟುಕೊಂಡು ಬೆಳಿಗ್ಗೆ ಒಂದು ಚಮಚ ಕುಡಿಯುವವರಿಗೆ ಈ ಸುದ್ದಿ.

ಈಗ ರಾಯರ ಲೆಕ್ಕ ಮಾಡೋಣ. ಫೆಬ್ರುವರಿ ಕೊನೆಗೆ ಶುರು ಮಾಡಿದರೆ ಮೂರು ತಿಂಗಳು ಮುಗಿಯುವುದು ಮೇ ಕೊನೆಗೆ. ಹುಡುಗನ ಫಲಿತಾಂಶ ಅಷ್ಟೊತ್ತಿಗೆ ಬಂದಿರುತ್ತದೆ. ಸರ್ಕಾರ ಈಗ ಪರೀಕ್ಷೆ 1, ಪರೀಕ್ಷೆ 2 ಅಂತ ಮಾಡಿದೆಯಲ್ಲ, ಅದು ಬಹುಶಃ ಸಿರಪ್ಪಿನವರ ಕೋರಿಕೆಯ ಮೇಲೆಯೇ ಇರಬೇಕು.

ಪ್ರಮಾಣದ ಕಥೆ ಇನ್ನೂ ಸೊಗಸು. ಆ ಅಧ್ಯಯನದ ದಿನದ ಡೋಸು 300 ಮಿಲಿಗ್ರಾಂ ಸಾರ. ಅದು ಸುಮಾರು 6 ಗ್ರಾಂ ಒಣ ಗಿಡದಿಂದ ತೆಗೆದದ್ದು. ರಾಯರ ಬಾಟಲಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ, 5 ಎಂಎಲ್‌ನಲ್ಲಿ ಬ್ರಾಹ್ಮಿ ಪುಡಿ 100 ಮಿಲಿಗ್ರಾಂ ಎಂದಿತ್ತು. ಸಾರವಲ್ಲ, ಪುಡಿ. ಬಾಟಲಿ 200 ಎಂಎಲ್. ಅಧ್ಯಯನದ ಮಟ್ಟ ಮುಟ್ಟಲು ದಿನಕ್ಕೆ ಅರವತ್ತು ಚಮಚ, ಅಂದರೆ ಒಂದೂವರೆ ಬಾಟಲಿ ಬೇಕು. ಮಿಕ್ಕಿದ್ದೆಲ್ಲ ಹೆಚ್ಚಾಗಿ ಸಕ್ಕರೆ ಪಾಕ. ನೆನಪು ಬರುವ ಮೊದಲು ಹಲ್ಲು ಹುಳುಕಾಗುತ್ತದೆ. ಹಾಗಂತ ಯಾರೂ ಒಂದೂವರೆ ಬಾಟಲಿ ಕುಡಿಯಬೇಡಿ.

ಯಾಕೆಂದರೆ ಬ್ರಾಹ್ಮಿಯ ಅಡ್ಡಪರಿಣಾಮ ತಲೆಯಲ್ಲಿ ಅಲ್ಲ, ಹೊಟ್ಟೆಯಲ್ಲಿ. ವಾಕರಿಕೆ, ಹೊಟ್ಟೆ ನುಲಿತ, ಪದೇ ಪದೇ ಸಂಡಾಸಿಗೆ ಹೋಗುವುದು. ಅಧ್ಯಯನಗಳಲ್ಲಿ ಹೆಚ್ಚಾಗಿ ಕಂಡದ್ದು ಇವೇ. ಪರೀಕ್ಷಾ ಕೊಠಡಿಯಲ್ಲಿ ಉತ್ತರ ನೆನಪಾಗಲಿ ಬಿಡಲಿ, ಹುಡುಗ ಮೇಲ್ವಿಚಾರಕರ ಮುಂದೆ ಮೂರು ಸಲ ಕೈ ಎತ್ತಿ ಎದ್ದು ಹೋದರೆ ಕಾಪಿ ಹೊಡೆಯುವವನೆಂದು ಅನುಮಾನ ಬರುವುದಂತೂ ಖಂಡಿತ.

ಸ್ವಲ್ಪ ಜಾಸ್ತಿ ದುಡ್ಡಿರುವವರಿಗೆ ಗಿಂಕ್ಗೊ ಇದೆ. ಚೀನಾದ ಮರ, ವಿದೇಶಿ ಹೆಸರು, ದರವೂ ಹಾಗೇ. ಅಮೆರಿಕದಲ್ಲಿ 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಸುಮಾರು ಆರು ವರ್ಷ ಪ್ರಯೋಗಿಸಿದರು. ಗಿಂಕ್ಗೊದಿಂದ ಮರೆಗುಳಿತನ ತಡೆಯಲು ಆಗಲಿಲ್ಲವೆಂದು 2008ರಲ್ಲಿ ವರದಿ ಬಂತು. ಅಜ್ಜಂದಿರಿಗೆ ಆಗದ್ದನ್ನು ಮೊಮ್ಮಕ್ಕಳಿಗೆ ಮಾರುತ್ತಿದ್ದಾರೆ. ಗಿಂಕ್ಗೊ ರಕ್ತಸ್ರಾವ ಹೆಚ್ಚಿಸಬಹುದು ಎಂಬ ಎಚ್ಚರಿಕೆಯೂ ಇದೆ. ಆಸ್ಪಿರಿನ್ನೋ, ರಕ್ತ ತೆಳುವಾಗಿಸುವ ಮಾತ್ರೆಯೋ ತಿನ್ನುವವರಿಗಂತೂ ಬೇಡವೇ ಬೇಡ, ಫಿಟ್ಸ್ ಇರುವವರಿಗೂ ಒಳ್ಳೆಯದಲ್ಲ. ನಮ್ಮ ಜಿಲ್ಲೆಯಲ್ಲಿ ಪರೀಕ್ಷೆಯ ಕಾಲವೇ ಮಂಗನ ಕಾಯಿಲೆಯ ಕಾಲ. ಆ ಕಾಯಿಲೆಯಲ್ಲೂ ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರುತ್ತದೆ. ಜ್ವರ ಬಂದ ಹುಡುಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ "ಬೇರೆ ಏನಾದರೂ ತಗೊಳ್ತಿದ್ದಾನಾ?" ಎಂದರೆ, ಸಿರಪ್ಪು, ಮಾತ್ರೆ ಎಲ್ಲ ಬಿಟ್ಟು "ಏನೂ ಇಲ್ಲ ಸಾರ್" ಅನ್ನುವುದು ನಮ್ಮ ವಾಡಿಕೆ. ಗಿಡಮೂಲಿಕೆ ಅಲ್ವಾ, ಅದೆಲ್ಲ ಲೆಕ್ಕಕ್ಕೆ ಬರುವುದಿಲ್ಲ.

ಆಸ್ಟ್ರೇಲಿಯಾದ ಆ 76 ಜನರ ವಯಸ್ಸು ಮಾತ್ರ ನಾನು ಇನ್ನೂ ಹೇಳಿಲ್ಲ. 40ರಿಂದ 65. ರಾಯರಿಗೆ ನಲವತ್ತೇಳು. "ಹಾಗಾದ್ರೆ ಕುಡೀಬೇಕಾದವರು ನೀವೇ" ಎಂದೆ. ಅವರು ಬಾಟಲಿ ತಿರುಗಿಸಿ ನೋಡಿ, "ನಂಗೆ ಶುಗರ್ ಇದೆ ಮಾರಾಯ್ರೆ, ಡಾಕ್ಟ್ರು ಇಂಥದ್ದೆಲ್ಲ ಮುಟ್ಟಬೇಡಿ ಅಂದಿದ್ದಾರೆ" ಎಂದು ಮಗನನ್ನು ಕೂಗಿದರು.